ಮೆಹೆಂದಿ ಡಿಸೈನ್ ಕೈ ಫೋಟೋ ಮೇಲೆ ಕೂರಿಸಿದರೆ ಕೈಯೇ ಮಾಯ ಆಗುತ್ತಿದೆ, ಏನು ಮಾಡಲಿ?

ಕೋನ್_ಕೈಚಳಕ
ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದವಳು, ಮದುವೆ ಮೆಹೆಂದಿ ಹಾಕುತ್ತೇನೆ. ಈಗಿನ ಮದುಮಗಳಿಗೆ ಪುಸ್ತಕದಲ್ಲಿ ಡಿಸೈನ್ ತೋರಿಸಿದರೆ ಸಾಕಾಗಲ್ಲ. "ಅಕ್ಕಾ, ನನ್ನ ಕೈ ಮೇಲೆ ಹೇಗೆ ಕಾಣುತ್ತೆ ತೋರಿಸಿ" ಅಂತ ಕೈ ಫೋಟೋ ಕಳಿಸುತ್ತಾರೆ. ನಾನು ಬಿಳಿ ಹಿನ್ನೆಲೆ ತೆಗೆದ ಕಂದು ಬಣ್ಣದ ಪಿಎನ್‌ಜಿ ಇಟ್ಟುಕೊಂಡಿದ್ದೇನೆ. ಅದನ್ನು ಫೋಟೋ ಮೇಲೆ ಕೂರಿಸಿ, ಬೆರಳಿಗೆ ತಕ್ಕಂತೆ ಬಗ್ಗಿಸಿ ಕಳಿಸುತ್ತೇನೆ.

ಈಗ ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳದು ಸಮಸ್ಯೆ. ಅವಳ ಬಲಗೈ ಹಿಂಭಾಗದಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಚಿಕ್ಕವಳಿದ್ದಾಗ ಬಿಸಿ ಹಾಲು ಬಿದ್ದ ಕಲೆ ಇದೆ. ನಾನು ಕಳಿಸಿದ ಫೋಟೋದಲ್ಲಿ ದುಂಡನೆಯ ಮಂಡಲ ಸರಿಯಾಗಿ ಅದರ ಮೇಲೆ ಕೂತು ಕಲೆ ಪೂರ್ತಿ ಮುಚ್ಚಿಹೋಗಿತ್ತು. ಅವಳು ಖುಷಿಯಲ್ಲಿ "ಇದೇ ಡಿಸೈನ್ ಫಿಕ್ಸ್, ಕಲೆ ಕಾಣಲ್ಲ ಅಲ್ವಾ" ಅಂದಳು. ಈಗ ನನಗೆ ಭಯ. ನಿಜವಾದ ಮೆಹೆಂದಿ ಕಲೆ ಮುಚ್ಚಲ್ಲ. ಮದುವೆ ದಿನ ಕಲೆ ಕಂಡರೆ ಬೈಸಿಕೊಳ್ಳೋದು ನಾನು. ಚರ್ಮದ ಗೆರೆ, ಮಚ್ಚೆ, ಕಲೆ ಎಲ್ಲ ಇದ್ದ ಹಾಗೇ ಕಾಣಬೇಕು, ಅದರ ಮೇಲೆ ಮೆಹೆಂದಿ ಬಣ್ಣ ಕೂತ ಹಾಗೆ ಇರಬೇಕು. ಹೇಗೆ?

ಬೆಣ್ಣೆದೋಸೆ_ಬ್ಯಾಚ್
Opacity 60ಕ್ಕೆ ಇಳಿಸಿ. ಮುಗೀತು.

ಜಗಳೂರು_ಅತ್ತಿಗೆ
ನನಗೂ ಮೆಹೆಂದಿ ಸರಿಯಾಗಿ ಬಣ್ಣ ಕೊಡಲ್ಲಮ್ಮ. ಲವಂಗ ಬಿಸಿ ಮಾಡಿ ಹೊಗೆ ಹಿಡಿ, ನಿಂಬೆರಸ ಸಕ್ಕರೆ ಹಚ್ಚು. ರಾತ್ರಿ ಪೂರ್ತಿ ಬಿಡಬೇಕು.

ಕೋನ್_ಕೈಚಳಕ
ಅತ್ತಿಗೆ, ಇದು ಫೋಟೋ ವಿಷಯ 😀 ಲವಂಗ ನಾನೂ ಹಿಡಿಸುತ್ತೇನೆ.
@ಬೆಣ್ಣೆದೋಸೆ_ಬ್ಯಾಚ್ 60 ಮಾಡಿ ನೋಡಿದೆ. ಕಲೆ ಮಸುಕಾಗಿ ಕಾಣುತ್ತೆ, ಆದರೆ ಡಿಸೈನ್ ಮಂಜು ಮಂಜಾಗಿ ಒಗೆದ ಸೀರೆ ಬಣ್ಣ ಆಗುತ್ತೆ.

ಫ್ರೇಮ್_ಅಂಗಡಿ
ಮದುವೆ ಆಲ್ಬಮ್ ಮಾಡುವವನು ನಾನು, ಇದೇ ಕೆಲಸ ದಿನಾ. Opacity ಇಳಿಸೋದು ಅರ್ಧ ಸರಿ, ಅದಕ್ಕೇ ಅರ್ಧ ಫಲ. ನೀವು ಈಗ Normal ಮೋಡ್‌ನಲ್ಲಿ ಕೂರಿಸುತ್ತಿದ್ದೀರಿ. ಅಂದರೆ ಕೈ ಮೇಲೆ ಪೇಂಟ್ ಬಳಿದ ಹಾಗೆ. ಕೆಳಗಿನ ಚರ್ಮ ಏನೇ ಇರಲಿ, ಮೇಲಿನ ಬಣ್ಣ ಒಂದೇ.

ಮೆಹೆಂದಿ ಬಣ್ಣ ಹಾಗಲ್ಲ. ಅದು ಚರ್ಮದ ಮೇಲ್ಪದರದೊಳಗೇ ಇಳಿದು ಕೂರುತ್ತೆ. ಬೆಳಕು ಅದರ ಮೂಲಕ ಒಳಗೆ ಹೋಗಿ ಚರ್ಮಕ್ಕೆ ತಾಗಿ ಮತ್ತೆ ಅದರ ಮೂಲಕವೇ ಹೊರಗೆ ಬರುತ್ತೆ. ಕೈ ಮೇಲೆ ಬಣ್ಣದ ಜಿಲೇಟಿನ್ ಹಾಳೆ ಇಟ್ಟರೆ ಹೇಗೋ ಹಾಗೆ. ಇದಕ್ಕೆ ಸರಿಹೊಂದುವ ಮೋಡ್ Multiply. ಕೆಳಗಿನ ಬಣ್ಣವನ್ನು ಮೇಲಿನ ಬಣ್ಣದಿಂದ ಗುಣಿಸಿ 255ರಿಂದ ಭಾಗಿಸುತ್ತೆ, ಅಷ್ಟೇ.

ನಿಮ್ಮ ಹುಡುಗಿಯ ಕೈಯನ್ನೇ ತಗೊಳ್ಳಿ. ಚರ್ಮದ ಕೆಂಪು ಬೆಲೆ 186, ಬೆರಳಿನ ಗೆರೆಯೊಳಗೆ 150 ಅಂತ ಇಟ್ಟುಕೊಳ್ಳೋಣ. ವ್ಯತ್ಯಾಸ 36. ಮೆಹೆಂದಿಯ ಕೆಂಪು 150.
Normal: ಎರಡೂ ಕಡೆ 150. ಗೆರೆ ಹೋಯ್ತು.
Normal, Opacity 70: ಒಂದು ಕಡೆ 161, ಇನ್ನೊಂದು ಕಡೆ 150. ವ್ಯತ್ಯಾಸ 11. ಗೆರೆ ಇದೆ, ಆದರೆ ಸತ್ತುಹೋಗಿದೆ. ನೀವು ಹೇಳಿದ ಮಂಜು ಇದೇ.
Multiply: 109 ಮತ್ತು 88. ಎರಡೂ ಕಪ್ಪಾದವು, ಆದರೆ ಒಂದಕ್ಕೊಂದರ ಪ್ರಮಾಣ ಮೊದಲು ಎಷ್ಟಿತ್ತೋ ಅಷ್ಟೇ ಉಳಿಯಿತು. ಕಣ್ಣಿಗೆ ಗೆರೆ ಗೆರೆಯಾಗಿಯೇ ಕಾಣುತ್ತೆ.

ಬೆಣ್ಣೆದೋಸೆ_ಬ್ಯಾಚ್
ಗಣಿತದ ಮೇಷ್ಟ್ರು ಬಂದರು.

ದುರ್ಗದ_ಕೋಟೆ
ನಾನು Overlay ಹಾಕುತ್ತೇನೆ. ಚರ್ಮದ ಗೆರೆ ಚೆನ್ನಾಗಿ ಎದ್ದು ಕಾಣುತ್ತೆ.

ಫ್ರೇಮ್_ಅಂಗಡಿ
@ದುರ್ಗದ_ಕೋಟೆ ಗೆರೆ ಉಳಿಯುತ್ತೆ ನಿಜ. ಬಣ್ಣ ನೋಡಿದ್ದೀರಾ? Overlay ಮಾಡಿದರೆ ಬೆಳಕಿರುವ ಕಡೆ ಇನ್ನೂ ಬೆಳ್ಳಗೆ, ಕತ್ತಲಿರುವ ಕಡೆ ಇನ್ನೂ ಕಪ್ಪಗೆ. ಮೇಲಿನ ಲೆಕ್ಕದಲ್ಲೇ ಕೆಂಪು 186 ಇದ್ದದ್ದು 198 ಆಗುತ್ತೆ. ಮೆಹೆಂದಿ ಹಾಕಿದ ಜಾಗ ಚರ್ಮಕ್ಕಿಂತ ಬೆಳ್ಳಗಾಗೋದು ಎಲ್ಲಾದರೂ ಉಂಟಾ? ಕಿತ್ತಳೆ ಬಣ್ಣ ಹೊಡೆದು ಕಾಣುತ್ತೆ.

ದುರ್ಗದ_ಕೋಟೆ
ಮೊದಲ ದಿನ ಮೆಹೆಂದಿ ಕಿತ್ತಳೆ ಬಣ್ಣವೇ ಇರುತ್ತಲ್ಲ ಸಾರ್.

ಫ್ರೇಮ್_ಅಂಗಡಿ
ಇರುತ್ತೆ, ಆದರೆ ಚರ್ಮಕ್ಕಿಂತ ಗಾಢವಾಗಿಯೇ ಇರುತ್ತೆ. ಬಲ್ಬ್ ಹತ್ತಿದ ಹಾಗೆ ಇರಲ್ಲ.

ಕೋನ್_ಕೈಚಳಕ
Multiply ಹಾಕಿದೆ. ಗೆರೆ ಬಂತು, ಕಲೆಯೂ ಬಂತು. ಆದರೆ ಮೆಹೆಂದಿ ಪೂರ್ತಿ ಕರ್ರಗೆ ಆಗಿಬಿಟ್ಟಿದೆ. ಇದನ್ನು ಕಳಿಸಿದರೆ "ಬ್ಲಾಕ್ ಮೆಹೆಂದಿನಾ ಅಕ್ಕಾ" ಅಂತ ಕೇಳುತ್ತಾಳೆ. ನಾನು ಬ್ಲಾಕ್ ಹಾಕಲ್ಲ.

ಹರಿಹರದ_ಹೊಳೆ
ಹಾಕಬೇಡಿ ಅಕ್ಕ. ಕಪ್ಪು ಕೋನ್‌ಗೆ ಕೂದಲ ಡೈನಲ್ಲಿರುವ ಪಿಪಿಡಿ ಸೇರಿಸಿರುತ್ತಾರೆ. ನಮ್ಮ ಓಣಿಯ ಹುಡುಗಿಗೆ ಡಿಸೈನ್ ಆಕಾರದಲ್ಲೇ ಬೊಬ್ಬೆ ಎದ್ದಿತ್ತು. ಮದುವೆ ಫೋಟೋದಲ್ಲೆಲ್ಲ ಸೆರಗಿನೊಳಗೆ ಕೈ.

ಫ್ರೇಮ್_ಅಂಗಡಿ
@ಕೋನ್_ಕೈಚಳಕ ನಿಮ್ಮ ಪಿಎನ್‌ಜಿಯ ಕಂದು ಬಣ್ಣದ ಬೆಲೆ ಎಷ್ಟು? ಐಡ್ರಾಪರ್ ಇಟ್ಟು ನೋಡಿ.

ಕೋನ್_ಕೈಚಳಕ
90, 40, 20.

ಫ್ರೇಮ್_ಅಂಗಡಿ
ಅದೇ ಕಾರಣ. ಅದು *ಕೊನೆಗೆ ಕಾಣಬೇಕಾದ* ಬಣ್ಣ. Normal ಮೋಡ್‌ಗೆ ಸರಿ. Multiplyಯಲ್ಲಿ ಚರ್ಮದ ಬಣ್ಣವೂ ಅದಕ್ಕೆ ಸೇರಿಕೊಳ್ಳುತ್ತೆ, ಎರಡು ಸಲ ಕಪ್ಪಾಗುತ್ತೆ. ಹಾಗಾಗಿ ಮೇಲಿನ ಪದರದ ಬಣ್ಣ ತಿಳಿಯಾಗಿರಬೇಕು. 150, 75, 40 ಇಟ್ಟು ನೋಡಿ. ಚರ್ಮ 186, 138, 110 ಇದ್ದರೆ ಕೊನೆಗೆ 109, 41, 17 ಬರುತ್ತೆ. ಎರಡನೇ ದಿನದ ಒಳ್ಳೆ ಕೆಂಪು ಕಂದು ಅದು.

ಇನ್ನೊಂದು, ಪುಸ್ತಕದಿಂದ ಕಪ್ಪು ಗೆರೆಯ ಡಿಸೈನ್ ಸ್ಕ್ಯಾನ್ ಮಾಡಿ ನೇರವಾಗಿ Multiply ಹಾಕಲೇಬೇಡಿ. ಕಪ್ಪು ಅಂದರೆ ಸೊನ್ನೆ. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆ, ಗೆರೆಯ ಕೆಳಗಿನ ಚರ್ಮ ಪೂರ್ತಿ ಹೋಯ್ತು. ಮೊದಲು Gradient Map ಹಾಕಿ ಕಪ್ಪನ್ನು ಮೆಹೆಂದಿ ಬಣ್ಣಕ್ಕೆ, ಬಿಳಿಯನ್ನು ಬಿಳಿಗೇ ಕೂರಿಸಿ. ಆಮೇಲೆ Multiply. ಬಿಳಿ 255 ಆಗಿರುವುದರಿಂದ ಹಿನ್ನೆಲೆ ತೆಗೆಯೋ ಕೆಲಸವೂ ಉಳಿಯಿತು, ತಾನಾಗಿಯೇ ಮಾಯ.

ದುರ್ಗದ_ಕೋಟೆ
ನನಗೆ ಮಾಯ ಆಗಲಿಲ್ಲ. ಕೈ ಸುತ್ತ ಚೌಕದ ಹಾಗೆ ಮಬ್ಬು ಕಟ್ಟು ಕಾಣುತ್ತೆ.

ಫ್ರೇಮ್_ಅಂಗಡಿ
ಪುಸ್ತಕದ ಫೋಟೋವನ್ನು ಫೋನಲ್ಲಿ ತೆಗೆದಿರಬೇಕು. ಕಣ್ಣಿಗೆ ಬಿಳಿ ಅನ್ನಿಸಿದರೂ ಹಾಳೆ 215, 220 ಇರುತ್ತೆ, ಒಂದು ಮೂಲೆಯಲ್ಲಿ ನೆರಳೂ ಇರುತ್ತೆ. ಅದೂ ಗುಣಿಸಿಕೊಂಡು ಚರ್ಮ ಕಪ್ಪಾಗುತ್ತೆ. Gradient Mapಗಿಂತ ಮೊದಲೇ Levels ತೆಗೆದು ಬಲಗಡೆಯ ಬಿಳಿ ಮುಳ್ಳನ್ನು ಒಳಕ್ಕೆ ಎಳೆಯಿರಿ, ಹಾಳೆ ಪೂರ್ತಿ 255 ಆಗುವವರೆಗೆ. ಸರಿ ಆಯ್ತಾ ಅಂತ ತಿಳಿಯೋದು ಸುಲಭ. ಪದರದ ಕಣ್ಣಿನ ಗುರುತು ಒತ್ತಿ ಆಫ್ ಆನ್ ಮಾಡಿ. ಡಿಸೈನ್ ಇಲ್ಲದ ಚರ್ಮ ಒಂಚೂರೂ ಮಿಣುಕಬಾರದು.

ಚಳ್ಳಕೆರೆ_ಎಣ್ಣೆ
ಇದಕ್ಕೆಲ್ಲ ಫೋಟೋಶಾಪ್ ದುಡ್ಡು ಕೊಟ್ಟು ತಗೋಬೇಕಾ?

ಫ್ರೇಮ್_ಅಂಗಡಿ
ಬೇಡ. ಬ್ರೌಸರ್‌ನಲ್ಲಿ photopea.com ತೆರೆಯಿರಿ. Levels, Gradient Map, Multiply, Warp ಎಲ್ಲ ಇದೆ. ಫೋನಲ್ಲೇ ಆಗಬೇಕು ಅಂದರೆ ಐಬಿಸ್ ಪೇಂಟ್‌ನಲ್ಲೂ Multiply ಸಿಗುತ್ತೆ.

ಕೋಡ್_ಬರೆಯೋನು
ಮೇಷ್ಟ್ರೇ, ಒಂದು ತಕರಾರು. ಫೋಟೋದ ಬೆಲೆಗಳು ಗಾಮಾ ಹಾಕಿದ ಬೆಲೆಗಳು. ನಿಜವಾದ ಬೆಳಕಿನ ಲೆಕ್ಕಕ್ಕೆ ಮೊದಲು ಲೀನಿಯರ್ ಮಾಡಿ ಗುಣಿಸಬೇಕು. ನೇರವಾಗಿ ಗುಣಿಸೋದು ತಪ್ಪು.

ಫ್ರೇಮ್_ಅಂಗಡಿ
ಇದಕ್ಕೆ ನನಗೆ ಉತ್ತರ ಗೊತ್ತಿಲ್ಲ ತಮ್ಮಾ. ಪ್ರಿಂಟ್ ಚೆನ್ನಾಗಿ ಬರುತ್ತೆ, ಅಷ್ಟು ಗೊತ್ತು.

ಹರಿಹರದ_ಹೊಳೆ
ನಾನು ಹೇಳುತ್ತೇನೆ. ಗಾಮಾ ಅಂದರೆ ಘಾತ. ಎರಡು ಸಂಖ್ಯೆ ಗುಣಿಸಿ ಘಾತಕ್ಕೇರಿಸಿದರೂ ಒಂದೇ, ಘಾತಕ್ಕೇರಿಸಿ ಗುಣಿಸಿದರೂ ಒಂದೇ. ಹಾಗಾಗಿ ಪೂರ್ತಿ Multiplyಗೆ ಹೆಚ್ಚುಕಡಿಮೆ ವ್ಯತ್ಯಾಸ ಬರಲ್ಲ, ತೀರಾ ಕತ್ತಲ ಭಾಗದಲ್ಲಿ ಸ್ವಲ್ಪ ಬರಬಹುದು. Opacity ಇಳಿಸಿದಾಗ, ಅಂಚು ಮಸುಕು ಮಾಡಿದಾಗ ನಿಮ್ಮ ಮಾತು ನಿಜ. ಅಲ್ಲಿ ಕೂಡಿಸುವ ಲೆಕ್ಕ ಬರುತ್ತೆ.

ಕೋಡ್_ಬರೆಯೋನು
ಹೌದಲ್ಲ. ಸರಿ. ಡಿಸೈನನ್ನು ಕೈ ಫೋಟೋದ ಅಳತೆಗೇ ಕೂರಿಸಿ ಬಿಳಿ ಹಿನ್ನೆಲೆಯಲ್ಲಿ ಉಳಿಸಿಕೊಂಡಿದ್ದರೆ ಇಷ್ಟು ಸಾಕು:

```python
from PIL import Image, ImageChops
kai = Image.open("kai.jpg").convert("RGB")
mehendi = Image.open("mehendi.png").convert("RGB")
ImageChops.multiply(kai, mehendi).save("nota.png")
```

ಎರಡೂ ಚಿತ್ರದ ಅಳತೆ ಒಂದೇ ಇರಲಿ. ಹಿನ್ನೆಲೆ ಪಾರದರ್ಶಕ ಪಿಎನ್‌ಜಿ ಕೊಡಬೇಡಿ, convert ಮಾಡಿದಾಗ ಎಷ್ಟೋ ಸಲ ಅದು ಕಪ್ಪಾಗಿಬಿಡುತ್ತೆ.

ಜಗಳೂರು_ಅತ್ತಿಗೆ
ಇದೇನು ಇಂಗ್ಲಿಷ್ ಮಂತ್ರ. ಆ ಹುಡುಗಿ ಕಲೆ ಕಥೆ ಏನಾಯ್ತು?

ಕೋನ್_ಕೈಚಳಕ
ಹೇಳುತ್ತೇನೆ ಅತ್ತಿಗೆ. ಬಣ್ಣ ತಿಳಿ ಮಾಡಿದ ಮೇಲೆ ಚೆನ್ನಾಗಿ ಬಂತು. ಮಂಡಲದ ಒಳಗೆ ಕಲೆ ಹಾಗೇ ಕಾಣುತ್ತೆ. ಸುತ್ತಲಿನ ಚರ್ಮಕ್ಕಿಂತ ಕಲೆ ತಿಳಿ ಬಣ್ಣದ್ದು, ಹಾಗಾಗಿ ಅಲ್ಲಿ ಮೆಹೆಂದಿಯೂ ತಿಳಿಯಾಗಿ ಕಂಡಿತು. ನನ್ನ ಅನುಭವದಲ್ಲೂ ಹಳೆ ಸುಟ್ಟ ಕಲೆ ಮೇಲೆ ಬಣ್ಣ ಒಂದೇ ಸಮ ಹಿಡಿಯಲ್ಲ, ಒಂದು ಕಡೆ ಹಿಡಿದರೆ ಪಕ್ಕದಲ್ಲಿ ಬಿಟ್ಟಿರುತ್ತೆ. ಆ ಬಿಟ್ಟುಹೋಗೋದನ್ನು ಫೋಟೋ ತೋರಿಸಲ್ಲ, ಅದನ್ನು ಬಾಯಲ್ಲಿ ಹೇಳಬೇಕು.

ಇನ್ನೊಂದು ತೊಂದರೆ. ಗೆಣ್ಣಿನ ಮೇಲೆ ಬೆಳಕು ಬಿದ್ದು ಹೊಳೆಯುವ ಜಾಗದಲ್ಲಿ ಮೆಹೆಂದಿ ಸುಳ್ಳು ಅನ್ನಿಸುತ್ತೆ. ಹೊಳಪೇ ಇಲ್ಲ, ಕಂದು ಮಾತ್ರ.

ಫ್ರೇಮ್_ಅಂಗಡಿ
ಒಳ್ಳೆ ಕಣ್ಣು ನಿಮ್ಮದು. ಹೊಳಪು ಚರ್ಮದ ಮೇಲ್ಮೈಯಲ್ಲಿರುವ ಎಣ್ಣೆ, ಬೆವರಿನಿಂದ ಬರೋದು. ಬೆಳಕು ಮೆಹೆಂದಿಯೊಳಗೆ ಹೋಗದೆ ಮೇಲಿಂದಲೇ ವಾಪಸ್ ಬರುತ್ತೆ. ಹಾಗಾಗಿ ಮೆಹೆಂದಿ ಇದ್ದರೂ ಹೊಳಪು ಬೆಳ್ಳಗೇ ಇರಬೇಕು. Multiply ಅದನ್ನೂ ಕಂದು ಮಾಡಿಬಿಡುತ್ತೆ. ಪದರದ ಮೇಲೆ ಎರಡು ಸಲ ಒತ್ತಿ Blend If ಹುಡುಕಿ. ಅಲ್ಲಿ ಕೆಳಪದರದ ಪಟ್ಟಿಯ ಬಿಳಿ ಮುಳ್ಳನ್ನು Alt ಹಿಡಿದು ಎರಡಾಗಿ ಸೀಳಿ, ಒಂದು ಅರ್ಧವನ್ನು ಎಡಕ್ಕೆ ಸರಿಸಿ. ಹೊಳಪಿನ ಜಾಗ ಮಾತ್ರ ಮೆಲ್ಲಗೆ ಹೊರಗೆ ಬರುತ್ತೆ. ಜಾಸ್ತಿ ಎಳೆದರೆ ಬೆಳ್ಳಗಿನ ಚರ್ಮದ ಕಡೆಯೆಲ್ಲ ಡಿಸೈನ್ ತಿಂದುಹೋಗುತ್ತೆ, ಅಲ್ಲಿಗೆ ನಿಲ್ಲಿಸಿ.

ದುರ್ಗದ_ಕೋಟೆ
ಕಪ್ಪು ಮೈಬಣ್ಣದವರಿಗೆ ಇದು ಕೆಲಸ ಮಾಡಲ್ಲ. ನಮ್ಮ ತಂಗಿ ಕೈಗೆ Multiply ಹಾಕಿದರೆ ಡಿಸೈನೇ ಕಾಣಲ್ಲ.

ಫ್ರೇಮ್_ಅಂಗಡಿ
ಬಣ್ಣ ಇನ್ನೂ ತಿಳಿ ಮಾಡಬೇಕು. ಚರ್ಮ 96, 64, 48 ಇದ್ದು ಮೇಲೆ 150, 75, 40 ಹಾಕಿದರೆ 56, 19, 8 ಬರುತ್ತೆ, ಹೆಚ್ಚುಕಡಿಮೆ ಮಸಿ. 200, 120, 85 ಹಾಕಿದರೆ 75, 30, 16. ಡಿಸೈನ್ ಓದಲು ಬರುತ್ತೆ.

ದುರ್ಗದ_ಕೋಟೆ
ಅಂದರೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಇಟ್ಟು "ನಿಜವಾದ ನೋಟ" ಅಂತ ತೋರಿಸೋದು. ಇದೂ ಸುಳ್ಳೇ ಅಲ್ವಾ? ಅವಳಿಗೆ ನಿಜವಾಗಿ ಹಾಕಿದಾಗಲೂ ಅಂಗೈ ಮೇಲೆ ಕಾಣುವಷ್ಟು ಕೈ ಹಿಂಭಾಗದಲ್ಲಿ ಕಾಣಲ್ಲ. ಹಾಗೇ ತೋರಿಸಲಿ.

ಕೋನ್_ಕೈಚಳಕ
ನನಗೂ ಈ ಮಾತು ಸರಿ ಅನ್ನಿಸುತ್ತೆ. ಅಂಗೈ ಚರ್ಮ ದಪ್ಪ, ಬಣ್ಣ ಚೆನ್ನಾಗಿ ಏರುತ್ತೆ. ಹಿಂಭಾಗ, ಮೊಣಕೈ ಕಡೆ ಹೋದ ಹಾಗೆ ತಿಳಿ. ಅಂಗೈಗೊಂದು ಬಣ್ಣ, ಹಿಂಭಾಗಕ್ಕೊಂದು ಬಣ್ಣ ಇಡೋದು ಒಳ್ಳೇದು. ಮೈಬಣ್ಣಕ್ಕೆ ತಕ್ಕಂತೆ ಎಷ್ಟು ತಿಳಿ ಮಾಡಬೇಕು ಅನ್ನೋದಕ್ಕೆ ಒಂದೇ ದಾರಿ: ಅದೇ ಮೈಬಣ್ಣದ ಹಳೆ ಗ್ರಾಹಕರ ಎರಡನೇ ದಿನದ ಫೋಟೋ ಪಕ್ಕದಲ್ಲಿಟ್ಟು ಹೊಂದಿಸೋದು.

ಫ್ರೇಮ್_ಅಂಗಡಿ
ಒಪ್ಪಲ್ಲ. ಗ್ರಾಹಕರು ದುಡ್ಡು ಕೊಡೋದು ಡಿಸೈನ್ ನೋಡೋಕೆ. ಕಾಣದ ಫೋಟೋ ಕಳಿಸಿ ಏನು ಮಾಡೋದು?

ಬೋರಮಾಳ_ಪ್ರಿಯೆ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಸರದ ವಿಷಯ. ಮಂಡಿಪೇಟೆ ಕಡೆ ಅಂಗಡಿಗಳಲ್ಲಿ ನೋಡಿದ ಬೋರಮಾಳ, ಕಾಸಿನ ಸರ ಎರಡರ ಫೋಟೋ ಇದೆ. ಕೊರಳ ಫೋಟೋ ಮೇಲೆ ಕೂರಿಸಿ ಅಮ್ಮನಿಗೆ ತೋರಿಸಬೇಕು. ನೀವು ಹೇಳಿದ ಹಾಗೆ Multiply ಹಾಕಿದೆ. ಬಂಗಾರ ಹೋಗಿ ಹಚ್ಚೆ ಹಾಕಿಸಿಕೊಂಡ ಹಾಗೆ ಆಯ್ತು!

ಫ್ರೇಮ್_ಅಂಗಡಿ
😂 ಬಂಗಾರದ ಮೂಲಕ ಚರ್ಮ ಕಾಣಲ್ಲ ತಾಯಿ. ಅದಕ್ಕೆ Normal ಮೋಡೇ ಸರಿ. ಹಿನ್ನೆಲೆ ನೀಟಾಗಿ ಕತ್ತರಿಸಿ ಕೂರಿಸಿ. ಅಲ್ಲಿ ಉಳಿಸಬೇಕಾದ ಚರ್ಮ ಸರದ ಕೆಳಗಿನದಲ್ಲ, ಗುಂಡುಗಳ ನಡುವಿನ ಸಂದಿಯದು. ಸಂದಿಯಲ್ಲಿ ಅಂಗಡಿಯ ಕೆಂಪು ಮಖಮಲ್ಲು ಉಳಿದುಕೊಂಡಿದ್ದರೆ ಚರ್ಮ ಗಾಯ ಆದ ಹಾಗೆ ಕಾಣುತ್ತೆ.

ಮತ್ತೆ ನೆರಳು. ಸರದ ಪದರದ ಪ್ರತಿ ಮಾಡಿ, ಅದನ್ನು ಪೂರ್ತಿ ಗಾಢ ಕಂದು ಬಣ್ಣಕ್ಕೆ ತಿರುಗಿಸಿ, ಸರದ ಕೆಳಗಿಟ್ಟು *ಅದಕ್ಕೆ* Multiply ಹಾಕಿ, ಸ್ವಲ್ಪ Gaussian Blur ಕೊಡಿ. ಯಾವ ಕಡೆ ಸರಿಸಬೇಕು ಅಂತ ಗದ್ದದ ನೆರಳು ನೋಡಿ. ಗದ್ದದ ನೆರಳು ಎಡಕ್ಕೆ ಬಿದ್ದಿದ್ದರೆ ಸರದ ನೆರಳೂ ಎಡಕ್ಕೆ. ಅಚ್ಚ ಕಪ್ಪು ನೆರಳು ಹಾಕಬೇಡಿ, ಚರ್ಮ ಕೊಳಕಾದಂತೆ ಕಾಣುತ್ತೆ.

ಬೋರಮಾಳ_ಪ್ರಿಯೆ
ಅಳತೆ? ನಾನು ಕೂರಿಸಿದ್ದು ತೀರಾ ದೊಡ್ಡದಾಗಿ ದೇವರ ಸರದ ಹಾಗಿದೆ.

ಹರಿಹರದ_ಹೊಳೆ
ಕೊರಳ ಫೋಟೋ ತೆಗೆಯುವಾಗ ಕಾಲರ್ ಮೂಳೆ ಹತ್ತಿರ ಹತ್ತು ರೂಪಾಯಿ ನಾಣ್ಯ ಹಿಡಿದುಕೊಳ್ಳಿ. ಅದರ ಅಡ್ಡಗಲ 27 ಮಿಲಿಮೀಟರ್. ಫೋಟೋದಲ್ಲಿ ನಾಣ್ಯ 135 ಪಿಕ್ಸೆಲ್ ಬಂದರೆ ಒಂದು ಮಿಲಿಮೀಟರ್‌ಗೆ 5 ಪಿಕ್ಸೆಲ್. ಪದಕ 40 ಮಿಲಿಮೀಟರ್ ಅಗಲ ಇದ್ದರೆ 200 ಪಿಕ್ಸೆಲ್‌ಗೆ ಹೊಂದಿಸಿ. ಪದಕದ ಅಳತೆ ಅಂಗಡಿಯವರನ್ನೇ ಕೇಳಿ. ಸೆಲ್ಫಿ ಬೇಡ, ಹತ್ತಿರದಿಂದ ತೆಗೆದರೆ ಕೊರಳಿನ ಆಕಾರ ಬದಲಾಗುತ್ತೆ. ಬೇರೆಯವರ ಕೈಲಿ ದೂರದಿಂದ ತೆಗೆಸಿ ಜೂಮ್ ಮಾಡಿ.

ಚಳ್ಳಕೆರೆ_ಎಣ್ಣೆ
ಬಂಗಾರದ ರೇಟ್ ನೋಡಿದರೆ ಫೋಟೋದಲ್ಲೇ ಹಾಕಿಕೊಳ್ಳೋದು ವಾಸಿ.

ಹರಿಹರದ_ಹೊಳೆ
ಮೆಹೆಂದಿ ಅಕ್ಕನಿಗೆ ಇನ್ನೊಂದು ಮಾತು. ಹುಡುಗಿಯರು ಕಳಿಸುವ ಫೋಟೋದಲ್ಲೇ ಚರ್ಮ ಇರಲ್ಲ ಎಷ್ಟೋ ಸಲ. ಬ್ಯೂಟಿ ಮೋಡ್ ಆನ್ ಇರುತ್ತೆ, ಗೆರೆ ಮಚ್ಚೆ ಎಲ್ಲ ಫೋನೇ ಅಳಿಸಿರುತ್ತೆ. ಮೇಲಿಂದ ವಾಟ್ಸಾಪ್ ಫೋಟೋ ಕುಗ್ಗಿಸುತ್ತೆ. ಯಾವ ಮೋಡ್ ಹಾಕಿದರೂ ಇಲ್ಲದ ಗೆರೆ ಬರಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನೂರಕ್ಕೆ ನೂರು ಜೂಮ್ ಮಾಡಿ ಉಗುರಿನ ಬುಡ ನೋಡಿ. ಅಲ್ಲಿ ಸಣ್ಣ ಸುಕ್ಕು ಕಂಡರೆ ಫೋಟೋ ಸರಿ ಇದೆ.

ಕೋನ್_ಕೈಚಳಕ
ಇದು ಗೊತ್ತಿರಲಿಲ್ಲ ಅಣ್ಣ. ಹಳೆ ಫೋಟೋಗಳನ್ನು ತೆಗೆದು ನೋಡಿದೆ, ಅರ್ಧಕ್ಕರ್ಧ ಉಗುರಿನ ಬುಡ ನುಣ್ಣಗಿದೆ.

ಹೊಳಲ್ಕೆರೆ ಹುಡುಗಿಗೆ ಎರಡೂ ಕಳಿಸಿದೆ, ಹಳೇದು ಮತ್ತು Multiplyದು. "ಮೊದಲನೇದರ ಹಾಗೆ ಆಗಲ್ಲ, ಎರಡನೇದರ ಹಾಗೆ ಆಗುತ್ತೆ" ಅಂತ ನೇರವಾಗಿ ಬರೆದೆ. ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ ಫೋನ್ ಮಾಡಿ, ಮಂಡಲವನ್ನು ಮಣಿಕಟ್ಟಿನ ಕಡೆ ಸರಿಸಿ, ಕಲೆ ಇರುವಲ್ಲಿ ಒತ್ತೊತ್ತಾದ ಸಣ್ಣ ಎಲೆ ಬಳ್ಳಿ ಬರಲಿ ಅಂದಳು. ತುಂಬಿಸಿದ ಜಾಗದಲ್ಲಿ ಕಲೆ ಅಂಚು ಎದ್ದು ಕಾಣುತ್ತೆ, ಸಣ್ಣ ಗೆರೆಗಳ ನಡುವೆ ಅಷ್ಟು ಕಣ್ಣಿಗೆ ಬೀಳಲ್ಲ. ಅವಳೇ ಫೋಟೋ ನೋಡಿ ಕಂಡುಕೊಂಡಿದ್ದು.

ದುರ್ಗದ_ಕೋಟೆ
ನೋಡಿದಿರಾ, ನಿಜ ತೋರಿಸಿದರೆ ಅವರೇ ದಾರಿ ಹುಡುಕುತ್ತಾರೆ.

ಫ್ರೇಮ್_ಅಂಗಡಿ
ಕಲೆಯ ವಿಷಯಕ್ಕೆ ಒಪ್ಪಿದೆ. ಕಪ್ಪು ಕೈಯ ಬಣ್ಣದ ವಿಷಯದಲ್ಲಿ ನನ್ನ ಮಾತು ನನ್ನದೇ.

ಬೋರಮಾಳ_ಪ್ರಿಯೆ
ನಾಣ್ಯ ಹಿಡಿದು ಫೋಟೋ ತೆಗೆಸಿದೆ. ನನ್ನ ಬೆರಳು ಅರ್ಧ ನಾಣ್ಯ ಮುಚ್ಚಿದೆ, ಬೆರಳು ಬಿಟ್ಟರೆ ಜಾರಿ ಬೀಳುತ್ತೆ. ಸ್ಕೇಲ್ ಹಿಡಿದರೆ ನಡೆಯುತ್ತಾ?

ಹರಿಹರದ_ಹೊಳೆ
ನಡೆಯುತ್ತೆ. ಆದರೆ ಕೊರಳಿಗೆ ಅಂಟಿಕೊಂಡಿರಲಿ. ಮುಂದಕ್ಕೆ ಹಿಡಿದರೆ ಸ್ಕೇಲ್ ದೊಡ್ಡದಾಗಿ ಕಂಡು ಸರ ಮತ್ತೆ ದೇವರ ಅಳತೆಗೇ ಹೋಗುತ್ತೆ.